ರಾಜೀನಾಮೆ ಕೊಟ್ಟ ದಿನ, ಬಿಡುಗಡೆಯಾದ ದಿನ: ಒಂದು ಕೋರಿಕೆ ಪತ್ರ ತಿದ್ದಿದ ಪ್ರಕರಣ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಕರಾರುಪತ್ರ, ಹೀಗೆ ಎಲ್ಲವೂ ಕಣ್ಣ ಕೆಳಗೆ ಹಾದುಹೋಗಿವೆ. ಕೆಲಸ ಬಿಟ್ಟವರು ಹಳೆಯ ಕಂಪನಿಯ ಎಚ್‌ಆರ್‌ಗೆ ಬರೆಯುವ ಪತ್ರಗಳನ್ನು ಈಗ ತಿಂಗಳಿಗೆ ನಾಲ್ಕೈದಾದರೂ ನೋಡುತ್ತೇನೆ. ಅವುಗಳಲ್ಲಿ ಕಳೆದ ವರ್ಷದ ಒಂದನ್ನು ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ. ಅದರಲ್ಲಿ ಕಾಗುಣಿತದ ತಪ್ಪು ಕಡಿಮೆ ಇತ್ತು. ಕಾಗುಣಿತ ಸರಿಯಿದ್ದ ಪದಗಳೇ ಬರೆದವನಿಗೆ ನಷ್ಟ ತರುವಂತಿದ್ದವು.

2025ರ ಜೂನ್ 16, ಸೋಮವಾರ. ಬೆಳಗಿನಿಂದ ಮಳೆ ಬಿಟ್ಟಿರಲಿಲ್ಲ. ಹೊಸನಗರ ಕಡೆಯ ಒಬ್ಬ ಹುಡುಗ ಛತ್ರಿ ಮಡಚಿ ಬಾಗಿಲಲ್ಲಿಟ್ಟು ಒಳಗೆ ಬಂದ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿಯಲ್ಲಿ ಕೆಲಸ ಮಾಡಿ ಬಿಟ್ಟಿದ್ದ. ಬೆಳಗಾವಿಯ ಇನ್ನೊಂದು ಫೌಂಡ್ರಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯವರು ಕನಿಷ್ಠ ಮೂರು ವರ್ಷದ ಅನುಭವ ಕೇಳಿದ್ದರು, ಜೂನ್ 30ಕ್ಕೆ ದಾಖಲೆ ಪರಿಶೀಲನೆ ಇಟ್ಟಿದ್ದರು. ಹಳೆಯ ಕಾರ್ಖಾನೆಯಲ್ಲಿ ಬಾಯಿಮಾತಿನಲ್ಲಿ ಎರಡು ಸಲ ಕೇಳಿದ್ದನಂತೆ, ಬರೆದು ಕೊಡು ಅಂದಿದ್ದರು. ಮೊಬೈಲಿನಲ್ಲೇ ಬರೆದುಕೊಂಡು ಬಂದಿದ್ದ.

"ಅಕ್ಕಾ, ಸ್ಪೆಲ್ಲಿಂಗ್ ಒಂದು ನೋಡಿ ಪ್ರಿಂಟ್ ತೆಗೆದುಕೊಡಿ, ಹನ್ನೆರಡು ಗಂಟೆ ಬಸ್ಸಿಗೆ ಹೋಗಿ ಕೊಟ್ಟು ಬರ್ತೀನಿ" ಅಂದ.

ಪತ್ರ ಹೀಗಿತ್ತು. ಅವನ ಒಪ್ಪಿಗೆ ಪಡೆದು, ಹೆಸರು ಮತ್ತು ಸಂಖ್ಯೆಗಳನ್ನು ತೆಗೆದು, ಉಳಿದದ್ದನ್ನು ಇದ್ದಂತೆಯೇ ಕೊಡುತ್ತೇನೆ.

"ವಿಷಯ: ಅನುಭವದ ಬಗ್ಗೆ.

ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಭಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತಮ್ಮ ಕಾರ್ಖಾನೆಯಲ್ಲಿ ದಿನಾಂಕ 02-05-2022 ರಿಂದ ರಾಜಿನಾಮೆ ನೀಡಿದ ದಿನಾಂಕ 09-04-2025 ರವರೆಗೆ ಹಿರಿಯ ಗುಣಮಟ್ಟ ಪರೀಕ್ಷಕನಾಗಿ ಸೇವೆ ಸಲ್ಲಿಸಿರುತ್ತೇನೆ. ವೈಯಕ್ತಿಕ ಕಾರಣದಿಂದ ಕೆಲಸದಿಂದ ವಜಾ ಹೊಂದಿರುತ್ತೇನೆ. ನನ್ನ ವಿಭಾಗದ ಮುಖ್ಯಸ್ಥರು ತಮ್ಮ ಕಚೇರಿಗೆ ಬಾಕಿ ಇಲ್ಲ ಪತ್ರವನ್ನು ಕಳುಹಿಸಿರುತ್ತಾರೆ. ಆದ್ದರಿಂದ ತಾವುಗಳು ನನಗೆ ಅನುಭವ ಪ್ರಮಾಣಪತ್ರವನ್ನು ಒಂದು ವಾರದ ಒಳಗಾಗಿ ನೀಡತಕ್ಕದ್ದು ಎಂದು ನಿಮ್ಮಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ."

ಸ್ಪೆಲ್ಲಿಂಗ್ ಮಾತ್ರ ನೋಡುವುದಾದರೆ ಇಲ್ಲಿ ಇರುವುದು ಎರಡೇ ತಪ್ಪು. ಒಂದು "ಸಂಭಂಧಿಸಿದಂತೆ". "ಬಂಧ" ಎಂಬುದರ ಹಿಂದೆ "ಸಂ" ಸೇರಿ ಆದ ಪದ ಸಂಬಂಧ, ಹಾಗಾಗಿ ಮಹಾಪ್ರಾಣ ಬರುವುದು ಕೊನೆಯ ಅಕ್ಷರಕ್ಕೆ ಮಾತ್ರ. ಇನ್ನೊಂದು "ರಾಜಿನಾಮೆ", ಅದಕ್ಕೆ ದೀರ್ಘ ಬೇಕು: ರಾಜೀನಾಮೆ. ಇವೆರಡನ್ನು ತಿದ್ದಿ ಪ್ರಿಂಟ್ ಕೊಟ್ಟಿದ್ದರೆ ಹುಡುಗ ಹನ್ನೆರಡರ ಬಸ್ಸು ಹಿಡಿಯುತ್ತಿದ್ದ. ಆದರೆ ಇಂಥ ಪತ್ರಗಳಲ್ಲಿ ನಾನು ಕಾಗುಣಿತವನ್ನು ಕಡೆಗೆ ನೋಡುತ್ತೇನೆ. ವಾಕ್ಯವೇ ಬದಲಾಗುವುದಾದರೆ ಅಕ್ಷರ ತಿದ್ದಿದ್ದು ವ್ಯರ್ಥ. ಮೊದಲು ನೋಡುವುದು ದಿನಾಂಕ.

"ಬಿಡುಗಡೆ ಪತ್ರ ತಂದಿದೀಯಾ?" ಅಂತ ಕೇಳಿದೆ. ಪ್ಲಾಸ್ಟಿಕ್ ಕವರಿನಿಂದ ತೆಗೆದ. ಅದರಲ್ಲಿ, 09-05-2025ರಂದು ಕೆಲಸದ ಅವಧಿ ಮುಗಿದ ಮೇಲೆ ಬಿಡುಗಡೆ ಮಾಡಲಾಗಿದೆ ಎಂದಿತ್ತು. ಅವನ ಪತ್ರದಲ್ಲಿದ್ದದ್ದು 09-04-2025. ಅದು ರಾಜೀನಾಮೆ ಕೊಟ್ಟ ದಿನ. ನೇಮಕಾತಿ ಪತ್ರದಲ್ಲಿ 30 ದಿನಗಳ ನೋಟಿಸ್ ಅವಧಿ ಇತ್ತು. ಏಪ್ರಿಲ್ 10ರಿಂದ ತಿಂಗಳ ಕೊನೆಯವರೆಗೆ 21 ದಿನ, ಮೇ ತಿಂಗಳಿನಲ್ಲಿ 9 ದಿನ, ಒಟ್ಟು 30. ಆ ಮೂವತ್ತು ದಿನವೂ ಅವನು ಪಾಳಿಗೆ ಹೋಗಿದ್ದಾನೆ, ಹಾಜರಾತಿ ಬಿದ್ದಿದೆ, ಸಂಬಳ ಬಂದಿದೆ. ಪತ್ರದಲ್ಲಿ ಮಾತ್ರ ಆ ತಿಂಗಳನ್ನು ತಾನೇ ಬಿಟ್ಟುಕೊಟ್ಟಿದ್ದ.

ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದೆ. 2022ರ ಮೇ 2ರಿಂದ 2025ರ ಏಪ್ರಿಲ್ 9ರವರೆಗೆ ಎಣಿಸಿದರೆ 2 ವರ್ಷ 11 ತಿಂಗಳು 8 ದಿನ. ಮೇ 9ರವರೆಗೆ ಎಣಿಸಿದರೆ 3 ವರ್ಷ 8 ದಿನ. ಬೆಳಗಾವಿಯವರು ಕೇಳಿದ್ದು ಮೂರು ವರ್ಷ. ಅವನು ಹಾಳೆಯನ್ನು ತಿರುಗಿಸಿ, ಬೆರಳಲ್ಲಿ ತಿಂಗಳು ಎಣಿಸಿ, ಸುಮ್ಮನೆ ಕುರ್ಚಿಯಲ್ಲಿ ಕೂತ.

ಇದು ಅವನೊಬ್ಬನ ತಪ್ಪು ಎನ್ನಲಾಗದು. ಮಾತಿನಲ್ಲಿ ನಾವು "ಕೆಲಸ ಯಾವಾಗ ಬಿಟ್ಟೆ" ಅಂದರೆ ರಾಜೀನಾಮೆ ಕೊಟ್ಟ ದಿನವನ್ನೇ ಹೇಳುತ್ತೇವೆ. ಮನಸ್ಸಿನಲ್ಲಿ ಬಿಟ್ಟದ್ದು ಆ ದಿನ. ಕಡತದಲ್ಲಿ ಮಾತ್ರ ಮೂರು ಬೇರೆ ಬೇರೆ ದಿನಗಳಿರುತ್ತವೆ: ರಾಜೀನಾಮೆ ಸಲ್ಲಿಸಿದ್ದು, ಅದನ್ನು ಅಂಗೀಕರಿಸಿದ್ದು, ಕರ್ತವ್ಯದಿಂದ ಬಿಡುಗಡೆಯಾದದ್ದು. ಸೇವಾವಧಿ ಮುಗಿಯುವುದು ಮೂರನೆಯ ದಿನಕ್ಕೆ. ಎಚ್‌ಆರ್ ವಿಭಾಗದಲ್ಲಿ ಅವರದೇ ದಾಖಲೆ ಇರುತ್ತದಲ್ಲ, ಅವರು ಸರಿಯಾದದ್ದನ್ನೇ ಹಾಕುತ್ತಾರಲ್ಲ ಎಂದು ಕೇಳಬಹುದು. ಹಾಕಿದರೆ ಒಳ್ಳೆಯದು. ಆದರೆ ಪ್ರಮಾಣಪತ್ರ ಟೈಪ್ ಮಾಡುವವರ ಮುಂದೆ ಇರುವುದು ಈ ಕೋರಿಕೆಯ ಹಾಳೆ. ಅದರಲ್ಲಿದ್ದ ದಿನಾಂಕವನ್ನು ಹಾಗೇ ಎತ್ತಿ ಬರೆದುಬಿಡಬಹುದು. ಇಲ್ಲವೇ ದಾಖಲೆಗೆ ಹೊಂದುವುದಿಲ್ಲ ಎಂದು ಪತ್ರವನ್ನೇ ಬದಿಗಿಡಬಹುದು. ಎರಡರಲ್ಲಿ ಯಾವುದಾದರೂ ಜೂನ್ 30 ತಪ್ಪಿಹೋಗುತ್ತಿತ್ತು.

ಇನ್ನೊಂದು ಕಡೆಯಿಂದಲೂ ತಾಳೆ ನೋಡಿದೆವು. ಪಿಎಫ್ ಜಾಲತಾಣದಲ್ಲಿ ಅವನ ಯುಎಎನ್ ಹಾಕಿ `View` ಕೆಳಗಿನ `Service History` ತೆರೆದಾಗ ಸೇರಿದ ದಿನ 02-05-2022, ಬಿಟ್ಟ ದಿನ 09-05-2025 ಎಂದೇ ಇತ್ತು. ಬಿಡುಗಡೆ ಪತ್ರ, ಪಿಎಫ್ ದಾಖಲೆ, ಕೋರಿಕೆ ಪತ್ರ ಮೂರರಲ್ಲೂ ಒಂದೇ ದಿನಾಂಕ ಇರಬೇಕು. ಹೊಸ ಕಂಪನಿಯವರು ಪರಿಶೀಲಿಸುವಾಗ ಇವನ್ನೇ ಪಕ್ಕಪಕ್ಕದಲ್ಲಿ ಇಟ್ಟು ನೋಡುತ್ತಾರೆ.

"ರವರೆಗೆ" ಎಂಬುದರ ಬಗ್ಗೆಯೂ ಒಂದು ಮಾತು. "09-05-2025ರವರೆಗೆ" ಎಂದರೆ ಆ ದಿನ ಸೇರಿತೋ ಇಲ್ಲವೋ? ಸರ್ಕಾರಿ ಆದೇಶಗಳಲ್ಲಿ "ಅಪರಾಹ್ನ ಕರ್ತವ್ಯದಿಂದ ಬಿಡುಗಡೆ ಹೊಂದಿ", "ಪೂರ್ವಾಹ್ನ ವರದಿ ಮಾಡಿಕೊಂಡು" ಎಂದು ಬರೆಯುವುದು ಈ ಗೊಂದಲ ಬಾರದಿರಲಿ ಎಂದೇ. ಖಾಸಗಿ ಕಾರ್ಖಾನೆಗೆ ಅಪರಾಹ್ನ ಎಂದು ಬರೆಯಬೇಕಾಗಿಲ್ಲ, "09-05-2025ರ ಕೆಲಸದ ಅವಧಿ ಮುಗಿಯುವವರೆಗೆ" ಎಂದರೆ ಸಾಕು. ಬಿಡುಗಡೆ ಪತ್ರದ ಒಕ್ಕಣೆಯೂ ಹಾಗೇ ಇತ್ತು.

ಮುಂದಿನದು "ವಜಾ". ಇದನ್ನು ಓದಿದಾಗ ನನಗೆ ನಿಜಕ್ಕೂ ಗಾಬರಿಯಾಯಿತು. ಇದನ್ನು ಯಾಕೆ ಹಾಕಿದೆ ಎಂದು ಕೇಳಿದರೆ, "ಬಿಟ್ಟೆ ಅಂತ ಬರೆದ್ರೆ ಮಾತಾಡಿದ ಹಂಗೆ ಇರುತ್ತಲ್ಲ ಅಕ್ಕಾ, ಪೇಪರ್ ಭಾಷೆ ಹಾಕಿದೆ" ಅಂದ. ಪತ್ರಿಕೆಯಲ್ಲಿ "ಕೆಲಸದಿಂದ ವಜಾ" ಎಂದು ಓದಿದ್ದಾನೆ, ಕೆಲಸದಿಂದ ಹೊರಬರುವುದಕ್ಕೆ ಗೌರವದ ಪದ ಇದು ಎಂದುಕೊಂಡಿದ್ದಾನೆ. ಲೆಕ್ಕದ ಚೀಟಿಯಲ್ಲಿ ಖರ್ಚು ವಜಾ ಎಂದರೆ ಕಳೆದದ್ದು. ನ್ಯಾಯಾಲಯದಲ್ಲಿ ಅರ್ಜಿ ವಜಾ ಎಂದರೆ ತಳ್ಳಿಹಾಕಿದ್ದು. ನೌಕರಿಯಲ್ಲಿ ವಜಾ ಎಂದರೆ ಮಾಲೀಕರು ಕೆಲಸದಿಂದ ತೆಗೆದುಹಾಕಿದ್ದು, ಸಾಮಾನ್ಯವಾಗಿ ಏನೋ ತಪ್ಪು ಮಾಡಿದ್ದಕ್ಕೆ. ತಾನಾಗಿ ರಾಜೀನಾಮೆ ಕೊಟ್ಟವನು, ತನ್ನನ್ನು ವಜಾ ಮಾಡಿದರು ಎಂದು ತಾನೇ ಬರೆದು ಸಹಿ ಹಾಕಿದಂತಾಗುತ್ತದೆ. ಆ ಹಾಳೆ ಅವನ ಕಡತದಲ್ಲಿ ಉಳಿಯುತ್ತದೆ. ನಾಳೆ ಯಾವುದೋ ಕಂಪನಿಯವರು ವಿಚಾರಿಸಲು ಫೋನ್ ಮಾಡಿದಾಗ, ಅವನನ್ನು ಕಂಡೇ ಇರದ ಹೊಸ ಗುಮಾಸ್ತರೊಬ್ಬರು ಕಡತ ತೆರೆದು ಓದಿ ಹೇಳುತ್ತಾರೆ. ಮೊಬೈಲಿನ ಕೀಬೋರ್ಡಾಗಲಿ ತಿದ್ದುವ ತಂತ್ರಾಂಶವಾಗಲಿ ಇದಕ್ಕೆ ಕೆಂಪು ಗೆರೆ ಎಳೆಯುವುದಿಲ್ಲ, ಪದ ಸರಿಯಾಗಿಯೇ ಇದೆಯಲ್ಲ. ಇಲ್ಲಿ ಬೇಕಾದದ್ದು "ಕರ್ತವ್ಯದಿಂದ ಬಿಡುಗಡೆ ಹೊಂದಿದ್ದೇನೆ". ಕೆಲವರು "ನಿವೃತ್ತಿ ಹೊಂದಿದ್ದೇನೆ" ಎಂದೂ ಬರೆದು ತರುತ್ತಾರೆ. ಇಪ್ಪತ್ತೇಳು ವರ್ಷದವರಿಗೆ ಅದೂ ಸಲ್ಲದು.

"ವೈಯಕ್ತಿಕ ಕಾರಣದಿಂದ" ಎಂಬುದನ್ನು ಹೊಡೆದುಹಾಕಿದೆ. ಕಾರಣ ಹೇಳುವ ಜಾಗ ರಾಜೀನಾಮೆ ಪತ್ರ. ಅಲ್ಲಿ ಹೇಳಿಯಾಗಿದೆ.

ಆಮೇಲೆ ತಾವು, ನೀವು, ತಮ್ಮ ಈ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಮುದ್ರಣಾಲಯದಲ್ಲಿ ಹಿರಿಯರೊಬ್ಬರು ಕಲಿಸಿದ ಅಭ್ಯಾಸ ಇದು. ಸುತ್ತು ಹಾಕಿದರೆ ಗೌರವದ ಎಳೆ ಎಲ್ಲಿ ತುಂಡಾಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. "ತಮ್ಮಲ್ಲಿ" ಎಂದು ಶುರುವಾದ ಪತ್ರ "ನಿಮ್ಮಲ್ಲಿ" ಎಂದು ಮುಗಿದಿತ್ತು. ನಡುವೆ "ತಾವುಗಳು" ಬಂದಿತ್ತು. ತಾವು ಎಂಬುದೇ ಬಹುವಚನ, ಅದಕ್ಕೆ "ಗಳು" ಸೇರಿಸಿದರೆ ಗೌರವವೇನೂ ಹೆಚ್ಚಾಗದು. ನೀವು ಎಂದು ಬರೆದರೂ ತಪ್ಪಿಲ್ಲ, ತಾವು ಎಂದರೂ ತಪ್ಪಿಲ್ಲ, ಆದರೆ ಹಿಡಿದದ್ದನ್ನು ಕೊನೆಯವರೆಗೆ ಬಿಡಬಾರದು.

ಸುತ್ತು ಹಾಕುತ್ತ ಹೋದಾಗ ಮೂರನೆಯ "ತಮ್ಮ" ಹತ್ತಿರ ಪೆನ್ಸಿಲು ನಿಂತಿತು. "ನನ್ನ ವಿಭಾಗದ ಮುಖ್ಯಸ್ಥರು ತಮ್ಮ ಕಚೇರಿಗೆ ಬಾಕಿ ಇಲ್ಲ ಪತ್ರವನ್ನು ಕಳುಹಿಸಿರುತ್ತಾರೆ." ಇದು ಯಾರ ಕಚೇರಿ? ಕನ್ನಡದಲ್ಲಿ ತಮ್ಮ ಎಂಬುದಕ್ಕೆ ಎರಡು ದಾರಿ ಇದೆ. ಎದುರಿಗಿರುವ ಹಿರಿಯರನ್ನು ಕುರಿತೂ ತಮ್ಮ ಎನ್ನುತ್ತೇವೆ, ಕರ್ತೃವು ತನ್ನದನ್ನು ಹೇಳುವಾಗಲೂ ತಮ್ಮ ಎನ್ನುತ್ತೇವೆ. ಈ ವಾಕ್ಯದಲ್ಲಿ ಕರ್ತೃ ಮುಖ್ಯಸ್ಥರು. ಹಾಗಾಗಿ ಮುಖ್ಯಸ್ಥರು ತಮ್ಮದೇ ಕಚೇರಿಗೆ ಕಳಿಸಿಕೊಂಡರು ಎಂದು ಓದಿದರೂ ವ್ಯಾಕರಣ ಒಪ್ಪುತ್ತದೆ. ತಾವು ಎಂಬ ರೂಪವನ್ನು ಹಿಡಿದ ಪತ್ರಗಳಲ್ಲಿ ಮೂರನೆಯವರೊಬ್ಬರು ಕರ್ತೃವಾಗಿ ಬಂದ ಕೂಡಲೇ ಈ ತೊಡಕು ಹುಟ್ಟುತ್ತದೆ. ಅಂಥಲ್ಲಿ ಸರ್ವನಾಮ ಬಿಟ್ಟು ವಿಭಾಗದ ಹೆಸರನ್ನೇ ಬರೆಯುವುದು ಕ್ಷೇಮ.

"ಎಚ್‌ಆರ್‌ಗೆ ಕಳಿಸಿದಾರೆ ಅಂತ ತಾನೇ? ಯಾವ ತಾರೀಕಿಗೆ?" ಎಂದು ಕೇಳಿದೆ, ದಿನಾಂಕ ಸೇರಿಸೋಣ ಎಂದು.

"ಕಳಿಸ್ತೀನಿ ಅಂದಿದ್ರು" ಅಂದ.

"ಕಳಿಸಿದಾರೋ, ಕಳಿಸ್ತೀನಿ ಅಂದಿದಾರೋ ಮಾರಾಯ? ಎರಡೂ ಒಂದೇನಾ?"

ಅಂಗಡಿಯಿಂದಲೇ ಫೋನ್ ಮಾಡಿದ. ವರ್ನಿಯರ್ ಕ್ಯಾಲಿಪರ್ ಒಂದು ಹಿಂದಿರುಗಿ ಬಂದ ಬಗ್ಗೆ ಉಪಕರಣಗಳ ರಿಜಿಸ್ಟರಿನಲ್ಲಿ ಸಹಿ ಬಿದ್ದಿರಲಿಲ್ಲ. ಹುಡುಗ ಅದನ್ನು ಕೊನೆಯ ದಿನವೇ ಪಾಳಿಯವರ ಕೈಗೆ ಕೊಟ್ಟು ಬಂದಿದ್ದ. ಸಹಿ ಆಗದ್ದರಿಂದ ಬಾಕಿ ಇಲ್ಲ ಪತ್ರ ಇನ್ನೂ ವಿಭಾಗದ ಮುಖ್ಯಸ್ಥರ ಮೇಜಿನಲ್ಲೇ ಇತ್ತು. ಆ ಕಾರ್ಖಾನೆಯಲ್ಲಿ ಬಿಡುಗಡೆ ಪತ್ರವನ್ನು ಕೊನೆಯ ದಿನ ಕೊಡುತ್ತಾರೆ, ಆದರೆ ಅನುಭವ ಪ್ರಮಾಣಪತ್ರ ಕೊಡುವುದು ಬಾಕಿ ಇಲ್ಲ ಪತ್ರ ಕೈಸೇರಿದ ಮೇಲೆ. ಎರಡು ಸಲ ಬಾಯಿಮಾತಿನಲ್ಲಿ ಕೇಳಿದರೂ ಆಗದೇ ಇದ್ದುದಕ್ಕೆ ಇದೇ ಕಾರಣ ಇದ್ದಿರಬಹುದು. "ತಮ್ಮ ಕಚೇರಿಗೆ" ಎಂಬ ಅಸ್ಪಷ್ಟ ಮಾತು ಆ ಸಂಗತಿಯನ್ನು ಮುಚ್ಚಿಟ್ಟಿತ್ತು, ಬರೆದವನಿಗೂ. "ಕಳುಹಿಸಿರುತ್ತಾರೆ" ಎಂಬ ಕ್ರಿಯಾರೂಪವೂ ಅದಕ್ಕೆ ಕೈಜೋಡಿಸಿತ್ತು. ಕಚೇರಿ ಕನ್ನಡದಲ್ಲಿ "ಇರುತ್ತಾರೆ" ಎಂಬುದು "ಇದ್ದಾರೆ" ಎಂಬ ಅರ್ಥದಲ್ಲೇ ಓಡುತ್ತದೆ, ಆದರೆ ಕಿವಿಗೆ ಅದರಲ್ಲಿ "ಕಳುಹಿಸಿರಬಹುದು" ಎಂಬ ಛಾಯೆಯೂ ಕೇಳುತ್ತದೆ. ಖಚಿತವಾದ ಸಂಗತಿಗೆ "ಕಳುಹಿಸಿದ್ದಾರೆ" ಎಂದೇ ಬರೆಯಬೇಕು. ಖಚಿತವಿಲ್ಲದಿದ್ದರೆ ಬರೆಯಲೇಬಾರದು.

ಹಾಗಾಗಿ ಆ ದಿನ ಪ್ರಿಂಟ್ ತೆಗೆಯಲಿಲ್ಲ. ಮರುದಿನ ಅವನು ಮಾಚೇನಹಳ್ಳಿಗೆ ಹೋಗಿ, ರಿಜಿಸ್ಟರಿನಲ್ಲಿ ಸಹಿ ಮಾಡಿಸಿ, ಬಾಕಿ ಇಲ್ಲ ಪತ್ರವನ್ನು ಎಚ್‌ಆರ್‌ಗೆ ತಲುಪಿಸಿ ಬಂದ. 18ರಂದು ಮತ್ತೆ ಕೂತೆವು.

ಉಳಿದದ್ದು ಕೇಳುವ ವಾಕ್ಯ. "ವಿನಂತಿಸಿಕೊಳ್ಳುವುದೇನೆಂದರೆ" ಎಂದು ಶುರುಮಾಡಿದ್ದಾನೆ, ಹಾಗೆ ಶುರುವಾದ ಮಾತು ಸಂಗತಿ ಹೇಳಿ ನಿಲ್ಲಬೇಕು. ಇವನದು ಮೂರು ವಾಕ್ಯ ದಾಟಿ "ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ" ಎಂದು ಮತ್ತೊಮ್ಮೆ ವಿನಂತಿಸುತ್ತದೆ. ಎರಡರಲ್ಲಿ ಒಂದು ಸಾಕು, ಮತ್ತು ಅದು ಕೊನೆಯಲ್ಲಿರಲಿ. ಅದಕ್ಕಿಂತ ದೊಡ್ಡ ತೊಂದರೆ "ನೀಡತಕ್ಕದ್ದು". ಇದು ನಿಯಮ, ಅಧಿನಿಯಮಗಳ ಭಾಷೆ. ಬಾಡಿಗೆ ಕರಾರಿನಲ್ಲಿ ಬಾಡಿಗೆದಾರರು ಪ್ರತಿ ತಿಂಗಳು 5ರೊಳಗೆ ಬಾಡಿಗೆ ಪಾವತಿಸತಕ್ಕದ್ದು ಎಂದಿರುತ್ತದಲ್ಲ, ಅದು. ಕೋರುವವರು ಇದನ್ನು ಬಳಸಿದರೆ ಆಜ್ಞೆ ಮಾಡಿದಂತಾಗುತ್ತದೆ. ಕಚೇರಿ ಪತ್ರಗಳಲ್ಲಿ ಮೇಲಿನವರಿಗೆ "ಕೋರಿದೆ", ಕೆಳಗಿನವರಿಗೆ "ಸೂಚಿಸಿದೆ" ಎಂಬ ವ್ಯತ್ಯಾಸವನ್ನು ಗುಮಾಸ್ತರು ಎಷ್ಟು ಜಾಗ್ರತೆಯಿಂದ ಪಾಲಿಸುತ್ತಾರೆ ಎಂಬುದನ್ನು ನೋಡಿದವರಿಗೆ ಇದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಅದೇ ವಾಕ್ಯದಲ್ಲಿ "ಕಳಕಳಿಯಿಂದ" ಎಂದು ಬೇಡಿಕೊಂಡೂ ಇದ್ದಾನೆ. ಆಜ್ಞೆಯೂ ಬೇಡ, ಅಂಗಲಾಚುವುದೂ ಬೇಡ. ಮೂರು ವರ್ಷ ದುಡಿದದ್ದಕ್ಕೆ ಕಾಗದ ಕೇಳುತ್ತಿದ್ದಾನೆ, ನೇರವಾಗಿ ಕೇಳಬಹುದು.

"ಒಂದು ವಾರದ ಒಳಗಾಗಿ" ಎಂಬುದನ್ನು ಅವನು ಬಿಡಲು ಒಪ್ಪಲಿಲ್ಲ. ಬಿಡಬೇಕಾಗಿಯೂ ಇಲ್ಲ. ಆದರೆ ಗಡುವಿಗೆ ಕಾರಣ ಸೇರಿದರೆ ಓದುವವರಿಗೆ ಅದು ಒತ್ತಾಯ ಅನ್ನಿಸುವುದಿಲ್ಲ, ಮತ್ತು ವಾರಕ್ಕಿಂತ ತಾರೀಕು ಸ್ಪಷ್ಟ.

ಒಂದು ವಿಷಯದಲ್ಲಿ ಮಾತ್ರ ಅವನ ಮುಖ ಸಣ್ಣದಾಯಿತು. "ಹಿರಿಯ ಗುಣಮಟ್ಟ ಪರೀಕ್ಷಕ" ಎಂದು ಬರೆದಿದ್ದ. ಸಂಬಳದ ಚೀಟಿಯಲ್ಲಿ, ಬಿಡುಗಡೆ ಪತ್ರದಲ್ಲಿ ಬರೀ ಗುಣಮಟ್ಟ ಪರೀಕ್ಷಕ. ಕೊನೆಯ ಒಂದು ವರ್ಷ ಹಿರಿಯರ ಕೆಲಸವನ್ನೇ ಮಾಡಿದ್ದೇನೆ ಅಂದ, ಅದು ನಿಜವೇ ಇರಬಹುದು. ಆದರೆ ಆದೇಶವಿಲ್ಲದ ಹುದ್ದೆಯನ್ನು ನಾನು ಸೇರಿಸುವುದಿಲ್ಲ ಎಂದೆ. ತಿದ್ದುವವರ ಕೈ ಭಾಷೆಯವರೆಗೆ ಮಾತ್ರ. ದಾಖಲೆಯಲ್ಲಿಲ್ಲದ ಒಂದು ಪದ ಸೇರಿದರೆ ಉಳಿದ ಸರಿಯಾದ ವಿವರಗಳ ಮೇಲೂ ಅನುಮಾನ ಬರುತ್ತದೆ. ಏನೇನು ಕೆಲಸ ಮಾಡುತ್ತಿದ್ದೆ ಎಂಬುದನ್ನು ಪ್ರಮಾಣಪತ್ರದಲ್ಲಿ ನಮೂದಿಸುವಂತೆ ಕೇಳು, ಅದಕ್ಕೆ ಅಡ್ಡಿಯಿಲ್ಲ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಎರಕದ ಅಳತೆ ಪರೀಕ್ಷೆ, ಮರಳಿನ ತೇವಾಂಶ ಪರೀಕ್ಷೆ" ಎಂದು ತಾನೇ ಹೇಳಿ ಬರೆಸಿದ. ಬೆಳಗಾವಿಯವರಿಗೆ "ಹಿರಿಯ" ಎಂಬ ಪದಕ್ಕಿಂತ ಇದು ಹೆಚ್ಚು ಹೇಳುತ್ತದೆ.

"ಮಾನ್ಯರೇ" ಎಂಬುದನ್ನು ಮುಟ್ಟಲಿಲ್ಲ. ಮಾನ್ಯರೆ, ಮಾನ್ಯರೇ ಎರಡೂ ಬಳಕೆಯಲ್ಲಿವೆ. ವಿಷಯದ ಸಾಲು ಬದಲಾಯಿತು, ಅನುಭವದ ಬಗ್ಗೆ ಎಂದರೆ ಏನು ಬೇಕು ಎಂಬುದು ಗೊತ್ತಾಗದು. ಉಲ್ಲೇಖದ ಸಾಲು ಹೊಸದಾಗಿ ಸೇರಿತು. ಕೊನೆಗೆ ಪತ್ರ ಹೀಗೆ ನಿಂತಿತು:

"ವಿಷಯ: ಸೇವಾನುಭವ ಪ್ರಮಾಣಪತ್ರ ಕೋರಿ.

ಉಲ್ಲೇಖ: 1. ನನ್ನ ರಾಜೀನಾಮೆ ಪತ್ರ, ದಿನಾಂಕ 09-04-2025. 2. ತಮ್ಮ ಬಿಡುಗಡೆ ಪತ್ರ, ದಿನಾಂಕ 09-05-2025.

ಮಾನ್ಯರೇ,

ನಾನು ತಮ್ಮ ಕಾರ್ಖಾನೆಯಲ್ಲಿ 02-05-2022ರಿಂದ 09-05-2025ರ ಕೆಲಸದ ಅವಧಿ ಮುಗಿಯುವವರೆಗೆ ಗುಣಮಟ್ಟ ಪರೀಕ್ಷಕನಾಗಿ ಸೇವೆ ಸಲ್ಲಿಸಿದ್ದೇನೆ. 09-04-2025ರಂದು ರಾಜೀನಾಮೆ ಸಲ್ಲಿಸಿ, 30 ದಿನಗಳ ನೋಟಿಸ್ ಅವಧಿಯನ್ನು ಪೂರೈಸಿ, ಉಲ್ಲೇಖ 2ರಂತೆ ಕರ್ತವ್ಯದಿಂದ ಬಿಡುಗಡೆ ಹೊಂದಿದ್ದೇನೆ. ನನ್ನ ವಿಭಾಗದ ಬಾಕಿ ಇಲ್ಲ ಪತ್ರವು 17-06-2025ರಂದು ಮಾನವ ಸಂಪನ್ಮೂಲ ವಿಭಾಗಕ್ಕೆ ತಲುಪಿದೆ.

ಮೇಲಿನ ಸೇವಾವಧಿ, ಹುದ್ದೆ ಹಾಗೂ ನಾನು ನಿರ್ವಹಿಸಿದ ಕೆಲಸಗಳನ್ನು (ಎರಕದ ಅಳತೆ ಪರೀಕ್ಷೆ, ಮರಳಿನ ತೇವಾಂಶ ಪರೀಕ್ಷೆ) ನಮೂದಿಸಿ ಸೇವಾನುಭವ ಪ್ರಮಾಣಪತ್ರ ನೀಡಬೇಕೆಂದು ಕೋರುತ್ತೇನೆ. 30-06-2025ರಂದು ನನ್ನ ದಾಖಲೆ ಪರಿಶೀಲನೆ ಇರುವುದರಿಂದ, 27-06-2025ರೊಳಗೆ ದೊರೆತರೆ ಅನುಕೂಲವಾಗುತ್ತದೆ."

ಕೆಳಗೆ ಸಹಿ, ನೌಕರರ ಸಂಖ್ಯೆ, ಮೊಬೈಲ್ ಸಂಖ್ಯೆ. ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೆ, ಇನಿಶಿಯಲ್ ಕೊನೆಯಲ್ಲಿಟ್ಟು ಬರೆಸಿದೆ. ಎರಡು ಪ್ರತಿ ತೆಗೆದು, ಒಂದರ ಮೇಲೆ ಸ್ವೀಕೃತಿಯ ಸಹಿ ಮತ್ತು ಮೊಹರು ಹಾಕಿಸಿಕೊಂಡು ಬಾ ಎಂದು ಹೇಳಿ ಕಳಿಸಿದೆ. ಮೇಲ್‌ನಲ್ಲೂ ಕಳಿಸಬೇಕೆಂದ, ಅದಕ್ಕೆ ಪಿಡಿಎಫ್ ಮಾಡಿಕೊಟ್ಟೆ. ನಾನು ಟೈಪ್ ಮಾಡುವುದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅದನ್ನು ಮೇಲ್‌ಗೆ ನಕಲಿಸಿ ಅಂಟಿಸಿದರೆ ಆ ಕಡೆಯವರಿಗೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಜೂನ್ 26ರ ಸಂಜೆ ಮಾಚೇನಹಳ್ಳಿಯ ಬಸ್ ನಿಲ್ದಾಣದಿಂದ ಪ್ರಮಾಣಪತ್ರದ ಫೋಟೋ ಕಳಿಸಿದ. ಹಿಗ್ಗಿಸಿ ಮೊದಲು ದಿನಾಂಕ ನೋಡಿದೆ, 02-05-2022ರಿಂದ 09-05-2025. ಹುದ್ದೆ ಸರಿ, ಎರಡೂ ಪರೀಕ್ಷೆಗಳ ಹೆಸರೂ ಬಂದಿತ್ತು. ಆದರೆ ಹೆಸರಿನಲ್ಲಿ ಇನಿಶಿಯಲ್ ಬಿಟ್ಟುಹೋಗಿತ್ತು. ಫೋನ್ ಮಾಡಿ, ಬಸ್ ಹತ್ತಬೇಡ, ಆಫೀಸು ಮುಚ್ಚುವುದರೊಳಗೆ ತಿದ್ದಿಸಿಕೊಂಡು ಬಾ ಎಂದೆ. ಹತ್ತು ನಿಮಿಷದ ಕೆಲಸವಂತೆ, ಕಾಯಿಸದೆ ಬೇರೆ ಪ್ರಿಂಟ್ ತೆಗೆದು ಸಹಿ ಹಾಕಿ ಕೊಟ್ಟರು.